ಗುರುವಾರ ಅಳೆದ ಬಾಂದ ಕಲ್ಲು ಶನಿವಾರ 1.4 ಮೀಟರ್ ಸರಿದಿದೆ, ರೋವರ್ ಮಾತ್ರ FIX ಅಂತಾನೇ ತೋರಿಸ್ತಿದೆ

ಕುಕನೂರು ಕಡೆಯವ (ಶನಿವಾರ, ಮಧ್ಯಾಹ್ನ 1:10)

ಎಲ್ಲರಿಗೂ ನಮಸ್ಕಾರ. ಹೊಲದಲ್ಲೇ ಬೇವಿನ ಮರದ ಕೆಳಗೆ ಕೂತು ಬರೀತಿದ್ದೇನೆ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ನಾನು ಮತ್ತು ನನ್ನ ಗೆಳೆಯ ಸೇರಿ ಒಂದು ಸೆಕೆಂಡ್ ಹ್ಯಾಂಡ್ ಬೇಸ್-ರೋವರ್ ಸೆಟ್ ತಗೊಂಡಿದ್ದೇವೆ. ಸಂಬಂಧಿಕರದೇ ಹೊಲ, ಒಂಬತ್ತು ಎಕರೆ, ಏಳು ಮೂಲೆ. ನಾಲ್ಕು ಮೂಲೆಯಲ್ಲಿ ಹಳೆ ಬಾಂದ ಕಲ್ಲು ಸಿಕ್ಕಿವೆ, ಮೂರು ಕಲ್ಲು ಎಲ್ಲಿ ಹೋದವೋ ಗೊತ್ತಿಲ್ಲ. ತಂತಿ ಬೇಲಿ ಹಾಕೋಕೆ ಆ ಮೂರು ಜಾಗ ಬೇಕು.

ಗುರುವಾರ ಬದುವಿನ ಮೇಲೆ ಟ್ರೈಪಾಡ್ ಇಟ್ಟು ಬೇಸ್ ಆನ್ ಮಾಡಿ, ಸಿಕ್ಕ ನಾಲ್ಕು ಕಲ್ಲು ಅಳೆದೆ. ಮನೆಗೆ ಹೋಗಿ ಟಿಪ್ಪಣಿ ಅಳತೆ ಕೂಡಿಸಿ ಉಳಿದ ಮೂರು ಪಾಯಿಂಟ್ ಲೆಕ್ಕ ಹಾಕಿದೆ. ಇವತ್ತು ಅದೇ ಬದುವಿನ ಮೇಲೆ, ಹೆಚ್ಚು ಕಡಿಮೆ ಅದೇ ಜಾಗದಲ್ಲಿ ಬೇಸ್ ಇಟ್ಟು ಗೂಟ ಹೊಡೆಯೋಕೆ ಶುರು ಮಾಡಿದೆ. ಮೊದಲನೇ ಗೂಟವೇ ಬಾಜು ಹೊಲದ ಹತ್ತಿ ಸಾಲಿನೊಳಗೆ ಹೋಯ್ತು. ಬಾಜುದವರು ಅಲ್ಲೇ ನಿಂತಿದ್ರು, ಮುಖ ನೋಡೋಕೆ ಆಗಲಿಲ್ಲ. ಅನುಮಾನ ಬಂದು ಗುರುವಾರದ ಒಂದನೇ ಕಲ್ಲಿನ ಮೇಲೆ ರಾಡ್ ಇಟ್ಟು ನೋಡಿದೆ:

```
ಗುರುವಾರ   E 606412.318   N 1712655.904
ಶನಿವಾರ    E 606413.427   N 1712655.027
```

ಎರಡೂ ದಿನ FIX, ಎರಡೂ ದಿನ ಪರದೆ ಮೇಲೆ ತೋರಿಸಿದ ತಪ್ಪು 1 ಸೆಂಟಿಮೀಟರ್ ಚಿಲ್ಲರೆ. ಮಷೀನ್ ಕೆಟ್ಟಿದೆಯಾ? ಮಾರಿದವನಿಗೆ ಫೋನ್ ಮಾಡಿದ್ರೆ ಎತ್ತುತ್ತಿಲ್ಲ.

ಬಿಸಿಲು ಬಳ್ಳಾರಿ (1:25)

ಬೇಸ್ ಎತ್ತರ ತಪ್ಪು ಹಾಕಿದ್ದೀರಿ ನೋಡಿ. ನಮ್ಮ ಹುಡುಗರೂ ಇದೇ ಮಾಡ್ತಾರೆ. ಟೇಪ್ ಓರೆಯಾಗಿ ಹಿಡಿದು ಅಳೆದು, ಅದನ್ನೇ ನೇರ ಎತ್ತರ ಅಂತ ಟೈಪ್ ಮಾಡಿಬಿಡ್ತಾರೆ. ಎರಡೂ ದಿನದ ಎತ್ತರ ಒಮ್ಮೆ ಚೆಕ್ ಮಾಡಿ, ಸರಿಹೋಗುತ್ತೆ.

ಎಡದಂಡೆ (1:32)

ಇದು ನೋಡಿ ನನಗೂ ಒಂದು ಡೌಟ್. ನನ್ನ ಫೋನಿನಲ್ಲಿ ಹೊಲದ ಸುತ್ತ ನಡೆದು ಎಕರೆ ಲೆಕ್ಕ ಹಾಕೋ ಆಪ್ ಇದೆ. ಅದರಲ್ಲಿ ನಮ್ಮ ಹೊಲ 3 ಎಕರೆ 31 ಗುಂಟೆ ಬರ್ತಿದೆ, ಪಹಣಿಯಲ್ಲಿ 4 ಎಕರೆ. ಉಳಿದ 9 ಗುಂಟೆ ಅಣ್ಣನ ಕಡೆ ಹೋಗಿದೆ ಅಂತ ಅರ್ಥಾನಾ?

ಹಳೆ ಸರಪಳಿ (1:58)

@ಕುಕನೂರು ಕಡೆಯವ, ಮಷೀನ್ ಚೆನ್ನಾಗೇ ಇದೆ, ಮಾರಿದವರನ್ನು ಬಿಡಿ. ಮೊದಲು ಒಂದು ಕೆಲಸ ಮಾಡಿ, ಇನ್ನೊಂದು ಗೂಟ ಹೊಡೆಯಬೇಡಿ. ಹೊಡೆದ ಗೂಟ ಈಗಲೇ ಕಿತ್ತುಬಿಡಿ. ಬಾಜು ಹೊಲದಲ್ಲಿ ಒಂದು ರಾತ್ರಿ ನಿಂತ ಗೂಟ ಊರಿನವರ ಬಾಯಲ್ಲಿ ಗಡಿ ಆಗಿಬಿಡುತ್ತೆ.

ಈಗ ವಿಷಯಕ್ಕೆ ಬರ್ತೀನಿ. FIX ಅಂದ್ರೆ ರೋವರ್ ಬೇಸಿನಿಂದ ಎಷ್ಟು ದೂರ, ಯಾವ ದಿಕ್ಕಿಗೆ ಇದೆ ಅನ್ನೋದು ಸೆಂಟಿಮೀಟರ್ ಲೆಕ್ಕದಲ್ಲಿ ಗೊತ್ತಾಗಿದೆ ಅಂತ, ಅಷ್ಟೇ. ಬೇಸ್ ತಾನು ಎಲ್ಲಿದ್ದೀನಿ ಅಂತ ಹೇಳ್ಕೊಂಡಿದೆಯೋ ಅದು ನಿಜಾನಾ ಸುಳ್ಳಾ ಅಂತ ರೋವರ್ ಕೇಳೋದಿಲ್ಲ. ಬೇಸ್ ರೇಡಿಯೋದಲ್ಲಿ ತನ್ನ ಜಾಗವನ್ನೂ ಕಳಿಸುತ್ತಾ ಇರುತ್ತೆ (RTCM 1005 ಅಥವಾ 1006 ಅಂತ ಕಾಣೋ ಸಾಲು ಅದೇ). ರೋವರ್ ಅದನ್ನು ನಂಬಿ, ಅಲ್ಲಿಂದ ಅಳೆದ ದೂರ ಕೂಡಿಸುತ್ತೆ. ಬೇಸ್ ಒಂದೂವರೆ ಮೀಟರ್ ಸುಳ್ಳು ಹೇಳಿದ್ರೆ ನಿಮ್ಮ ಎಲ್ಲಾ ಪಾಯಿಂಟೂ ಒಂದೂವರೆ ಮೀಟರ್ ಒಟ್ಟಿಗೆ ಸರಿಯುತ್ತೆ. ಪರದೆ ಮೇಲೆ ಮಾತ್ರ 1 ಸೆಂಟಿಮೀಟರ್ ಅಂತಲೇ ಇರುತ್ತೆ.

ನನ್ನ ಊಹೆ ಏನಂದ್ರೆ, ಎರಡೂ ದಿನ ಬೇಸ್ ಆನ್ ಮಾಡಿದಾಗ ಅದು ತಾನಾಗೇ ಸ್ಟಾರ್ಟ್ ಆಗಿದೆ. ಆಗ ಅದು ಸುಮ್ನೆ ಉಪಗ್ರಹದಿಂದ ನೇರ ಸಿಕ್ಕ ಜಾಗ, ಅಂದ್ರೆ SINGLE ನಲ್ಲಿ ಸಿಕ್ಕಿದ್ದನ್ನು, ತನ್ನ ಜಾಗ ಅಂತ ಇಟ್ಟುಕೊಳ್ಳುತ್ತೆ. ಅದರಲ್ಲಿ ಒಂದರಿಂದ ಮೂರು ಮೀಟರ್ ತಪ್ಪು ಇರೋದು ಮಾಮೂಲು. ಗುರುವಾರದ ತಪ್ಪು ಬೇರೆ, ಇವತ್ತಿನ ತಪ್ಪು ಬೇರೆ. ಹೌದಾ ಅಲ್ವಾ ಹೇಳಿ.

@ಬಿಸಿಲು ಬಳ್ಳಾರಿ, ಎತ್ತರ ತಪ್ಪು ಹಾಕಿದ್ರೆ ಮಟ್ಟದ ಅಳತೆ ಕೆಡುತ್ತೆ. ಕಾಲುವೆ ಕೆಲಸ ಆಗಿದ್ರೆ ನಿಮ್ಮ ಮಾತು ಸರಿ. ಆದ್ರೆ ಅದರಿಂದ ಅಡ್ಡಡ್ಡ ಒಂದೂವರೆ ಮೀಟರ್ ಸರಿಯೋದಿಲ್ಲ.

ಕುಕನೂರು ಕಡೆಯವ (2:15)

ಹೌದು ಸರ್, ಬಟನ್ ಒತ್ತಿ ಆನ್ ಮಾಡಿದ್ದಷ್ಟೇ. ನನ್ನ ಜೊತೆ ಇದ್ದ ಹುಡುಗನೇ ಮಾಡಿದ. ಬೇಸ್ ಜಾಗ ಅಂತ ಏನೂ ಟೈಪ್ ಮಾಡಿಲ್ಲ. 60 ಸೆಕೆಂಡ್ ಸರಾಸರಿ ಅಂತ ಸೆಟ್ಟಿಂಗ್ ಇತ್ತು. ಅದನ್ನು ಹತ್ತು ನಿಮಿಷ ಮಾಡಿದ್ದಿದ್ರೆ?

ಹಳೆ ಸರಪಳಿ (2:24)

ಹತ್ತು ನಿಮಿಷ ಕೂತರೂ ಅಷ್ಟೇ. ತಪ್ಪಿನ ದೊಡ್ಡ ಪಾಲು ಉಪಗ್ರಹದ ಸಂಕೇತ ಮೇಲಿನ ಗಾಳಿಯ ಪದರಗಳನ್ನು ದಾಟಿ ಬರುವಾಗ ತಡ ಆಗೋದರಿಂದ ಬರುತ್ತೆ. ಅದು ನಿಧಾನಕ್ಕೆ ಬದಲಾಗೋ ತಪ್ಪು. ಹತ್ತು ನಿಮಿಷದಲ್ಲಿ ಎಲ್ಲಾ ಅಳತೆಯೂ ಒಂದೇ ಕಡೆಗೆ ಎಳೆದಿರುತ್ತೆ, ಸರಾಸರಿ ತೆಗೆದ್ರೆ ಅದೇ ತಪ್ಪಿನ ಸರಾಸರಿ ಸಿಗುತ್ತೆ.

ಗುರುವಾರ ಬೇಸ್ ಕೆಳಗೆ ಗುರುತು ಹಾಕಿದ್ರಾ? ಕಬ್ಬಿಣದ ಮೊಳೆ, ಕಲ್ಲಿನ ಮೇಲೆ ಉಳಿಯಿಂದ ಒಂದು ಕತ್ತರಿ ಗುರುತು, ಏನಾದ್ರೂ?

ಕುಕನೂರು ಕಡೆಯವ (2:28)

ಇಲ್ಲ ಸರ್. ಟ್ರೈಪಾಡ್ ಕಾಲಿನ ತೂತು ಇರಬಹುದು ಅಂತ ಹುಡುಕಿದೆ. ಎಮ್ಮೆ ಓಡಾಡಿ ಎಲ್ಲಾ ಅಳಿಸಿಹೋಗಿದೆ.

ರೋವರ್ ರಾಯಚೂರು (2:40)

ಇಷ್ಟೆಲ್ಲಾ ಯಾಕೆ ತಲೆ ಕೆಡಿಸ್ಕೊತೀರಿ ಅಣ್ಣಾ. ಬೇಸೇ ಬೇಡ. ಸರ್ವೆ ಆಫ್ ಇಂಡಿಯಾದ ಕಾರ್ಸ್ ನೆಟ್‌ವರ್ಕ್ ಕರ್ನಾಟಕದಲ್ಲಿ ಇದೆ. ರೋವರಿಗೆ ಒಂದು ಸಿಮ್ ಹಾಕಿ, ನೆಟ್‌ನಿಂದ ಕರೆಕ್ಷನ್ ತಗೊಳ್ಳಿ. ಯಾವ ದಿನ ಹೋದ್ರೂ ಅದೇ ಕಲ್ಲಿಗೆ ಅದೇ ನಂಬರ್ ಬರುತ್ತೆ. ನಾನು ಒಂದು ವರ್ಷದಿಂದ ಟ್ರೈಪಾಡ್ ಮುಟ್ಟಿಲ್ಲ.

ಹಳೆ ಸರಪಳಿ (2:55)

ಹೊಸದಾಗಿ ಶುರು ಮಾಡೋ ಕೆಲಸಕ್ಕೆ ಒಳ್ಳೆ ಸಲಹೆ. ಆದ್ರೆ ಈ ತಮ್ಮನಿಗೆ ಇವತ್ತು ಅದೊಂದೇ ಸಾಲದು. ಅವರ ಮೂರು ಪಾಯಿಂಟ್ ಲೆಕ್ಕ ಹಾಕಿರೋದು ಗುರುವಾರದ ತಪ್ಪು ಬೇಸಿನ ಮೇಲೆ. ಇವತ್ತು ಕಾರ್ಸ್‌ನಿಂದ ಸರಿಯಾದ ಜಾಗ ಬಂದ್ರೆ, ಗುರುವಾರದ ಫೈಲಿಗೂ ಅದಕ್ಕೂ ಮತ್ತೆ ಮೀಟರ್ ಲೆಕ್ಕದ ವ್ಯತ್ಯಾಸ. ಆಗಲೂ ಗೂಟ ತಪ್ಪು ಜಾಗಕ್ಕೇ ಹೋಗುತ್ತೆ. ಬೇಸ್ ಯಾವುದಾದ್ರೂ ಇರಲಿ, ಹಳೆ ಕಲ್ಲಿನ ಮೇಲೆ ನಿಂತು ವ್ಯತ್ಯಾಸ ತೆಗೆದು ಜೋಡಿಸಲೇಬೇಕು. ಆಮೇಲೆ ಆ ಕಡೆ ಹೊಲದ ನಡುವೆ ನೆಟ್ ಒಂದು ಕಡ್ಡಿ ಬಂದ್ರೆ ಹೆಚ್ಚು.

ನಿಮಗೆ ಬೇಸಿನ ಗುರುತು ಇಲ್ಲ, ಆದ್ರೆ ನಾಲ್ಕು ಕಲ್ಲು ಇವೆ. ಅವು ಸಾಕು. ಈಗ ಹೀಗೆ ಮಾಡಿ. ಬೇಸ್ ಆಫ್ ಮಾಡಬೇಡಿ, ಅಲ್ಲಾಡಿಸಬೇಡಿ. ಕಾಯೋಕೆ ಹುಡುಗನನ್ನು ಅಲ್ಲೇ ಕೂರಿಸಿ, ಎಮ್ಮೆ ಇನ್ನೊಂದು ಸಲ ಬಂದ್ರೆ ಕೆಲಸ ಮತ್ತೆ ಮೊದಲಿಂದ. ಉಳಿದ ಮೂರು ಕಲ್ಲಿನ ಮೇಲೂ ರಾಡ್ ಇಟ್ಟು ಅಳೆಯಿರಿ. ಪ್ರತಿ ಕಲ್ಲಿಗೂ ಇವತ್ತಿನ ನಂಬರಿನಿಂದ ಗುರುವಾರದ ನಂಬರ್ ಕಳೆಯಿರಿ. ಒಂದನೇ ಕಲ್ಲಿಗೆ E ನಲ್ಲಿ 1.109 ಜಾಸ್ತಿ, N ನಲ್ಲಿ 0.877 ಕಡಿಮೆ ಬಂದಿದೆ. ನಾಲ್ಕೂ ಕಲ್ಲಿಗೆ ಇದೇ ವ್ಯತ್ಯಾಸ, ಎರಡು ಮೂರು ಸೆಂಟಿಮೀಟರ್ ಆಚೀಚೆ ಬಂದ್ರೆ, ಬರೀ ಬೇಸ್ ಸರಿದಿರೋದು ಅಂತ ಖಾತ್ರಿ. ಒಂದೊಂದಕ್ಕೆ ಒಂದೊಂದು ಥರ ಬಂದ್ರೆ ಬೇರೆ ಏನೋ ಇದೆ, ಆಗ ನಿಲ್ಲಿಸಿ ಇಲ್ಲಿ ಬರೆಯಿರಿ.

ರಾಡಿನ ಗುಳ್ಳೆ ಸರಿಯಾಗಿ ಮಧ್ಯಕ್ಕೆ ತನ್ನಿ. 2 ಮೀಟರ್ ರಾಡ್ ಒಂದು ಡಿಗ್ರಿ ವಾಲಿದ್ರೆ ತುದಿಯಲ್ಲಿ ಮೂರೂವರೆ ಸೆಂಟಿಮೀಟರ್ ಹೋಗುತ್ತೆ.

ಬಿಸಿಲು ಬಳ್ಳಾರಿ (3:05)

ಎತ್ತರದ ವಿಷಯ ಒಪ್ಪಿದೆ. ಆದ್ರೂ ಎತ್ತರ ಬರೆದಿಟ್ಟುಕೊಳ್ಳೋದು ಒಳ್ಳೇದು ರೀ.

ಹಳೆ ಸರಪಳಿ (3:08)

ಅದಕ್ಕೆ ನನ್ನ ತಕರಾರಿಲ್ಲ.

@ಎಡದಂಡೆ, ನಿಮ್ಮದು ಬೇರೆ ವಿಷಯ. ಫೋನಿನ ಜಾಗವೇ ಮೂರು ನಾಲ್ಕು ಮೀಟರ್ ಆಚೀಚೆ ಇರುತ್ತೆ, ಮೇಲಾಗಿ ನೀವು ಬದುವಿನ ಒಳಗೆ ನಡೆದಿದ್ದೀರಿ. ನಾಲ್ಕು ಎಕರೆಯ ಚೌಕ ಹೊಲ ಅಂದ್ರೆ ಒಂದೊಂದು ಬದಿ ಹತ್ತಿರ ಹತ್ತಿರ 127 ಮೀಟರ್. ನಾಲ್ಕೂ ಕಡೆ ಎರಡು ಮೀಟರ್ ಒಳಗೆ ನಡೆದ್ರೆ ಹತ್ತು ಗುಂಟೆ ಕಡಿಮೆ ತೋರಿಸುತ್ತೆ. ಅದನ್ನು ಹಿಡ್ಕೊಂಡು ಅಣ್ಣನ ಜೊತೆ ಜಗಳಕ್ಕೆ ಹೋಗಬೇಡಿ. ಹದ್ದುಬಸ್ತಿಗೆ ಅರ್ಜಿ ಹಾಕಿ.

ಎಡದಂಡೆ (3:20)

ಬದುವಿನ ಒಳಗೇ ನಡೆದಿದ್ದೆ, ಹೌದು. ಆ ಕಡೆ ಮುಳ್ಳು ಇತ್ತು.

ಕುಕನೂರು ಕಡೆಯವ (4:05)

ಅಳೆದೆ ಸರ್. ಎರಡನೇದು E 1.117, N -0.870. ಮೂರನೇದು E 1.098, N -0.891. ಒಂದನೇದಕ್ಕೂ ಇವಕ್ಕೂ ಚೆನ್ನಾಗಿ ಕೂಡುತ್ತೆ. ಆದ್ರೆ ನಾಲ್ಕನೇ ಕಲ್ಲು ಕೂಡ್ತಿಲ್ಲ, ಉಳಿದ ಮೂರರ ಲೆಕ್ಕ ಹಿಡಿದ್ರೆ ಅದೊಂದೇ 38 ಸೆಂಟಿಮೀಟರ್ ಬೇರೆ ಬರ್ತಿದೆ. ಅದು ಬೇವಿನ ಮರದ ಪಕ್ಕದ ಕಲ್ಲು.

ಇನ್ನೊಂದು ವಿಷಯ. ಒಂದನೇ ಕಲ್ಲಿನ ವ್ಯತ್ಯಾಸ ಹಿಡ್ಕೊಂಡು ಬೇಸಿನ ನಂಬರ್ ನಾನೇ ತಿದ್ದಿ ಮತ್ತೆ ಸ್ಟಾರ್ಟ್ ಮಾಡಿದೆ. ಈಗ ವ್ಯತ್ಯಾಸ 2.8 ಮೀಟರ್ ಆಗಿದೆ! ಸರಿ ಮಾಡೋಕೆ ಹೋಗಿ ಡಬಲ್ ಆಯ್ತಲ್ಲ.

ಹಳೆ ಸರಪಳಿ (4:12)

ಡಬಲ್ ಆಯ್ತು ಅಂದ್ರೆ ಖುಷಿ ಪಡಿ, ಕೂಡಿಸೋ ಕಡೆ ಕಳೆದಿದ್ದೀರಿ, ಕಳೆಯೋ ಕಡೆ ಕೂಡಿಸಿದ್ದೀರಿ ಅಷ್ಟೇ. ನಾನೂ ಮಾಡಿದ್ದೇನೆ. ಕಲ್ಲು ಇವತ್ತು ಪೂರ್ವಕ್ಕೆ 1.109 ಜಾಸ್ತಿ ತೋರಿಸ್ತಿದೆ. ಅಂದ್ರೆ ಬೇಸ್ ತನ್ನನ್ನು ತಾನು ಅಷ್ಟು ಪೂರ್ವಕ್ಕೆ ಅಂದುಕೊಂಡಿದೆ. ಅದರಿಂದ ಅಷ್ಟನ್ನು ಕಳೆಯಬೇಕು. ಉತ್ತರಕ್ಕೆ 0.877 ಕಡಿಮೆ ಅಂದುಕೊಂಡಿದೆ, ಅಲ್ಲಿ ಕೂಡಿಸಬೇಕು. ಬೇಸಿನ ಮೊದಲ ನಂಬರ್ ಏನಿತ್ತು?

ಕುಕನೂರು ಕಡೆಯವ (4:15)

E 606391.206, N 1712701.442.

ಹಳೆ ಸರಪಳಿ (4:21)

```
E  606391.206 - 1.109 = 606390.097
N 1712701.442 + 0.877 = 1712702.319
```

ಇದನ್ನು ಹಾಕಿ. ಕೈಯಿಂದ ಟೈಪ್ ಮಾಡೋದು ಬೇಡ ಅಂದ್ರೆ ನಿಮ್ಮ ಕಂಟ್ರೋಲರಿನಲ್ಲಿ ಬೇಸ್ ಶಿಫ್ಟ್ ಅಥವಾ ಪಾಯಿಂಟ್ ಕ್ಯಾಲಿಬ್ರೇಷನ್ ಥರದ ಒಂದು ಆಯ್ಕೆ ಇರುತ್ತೆ. ಒಂದನೇ ಕಲ್ಲಿನ ಗುರುವಾರದ ನಂಬರ್ ಆರಿಸಿ, ಅದೇ ಕಲ್ಲಿನ ಮೇಲೆ ಈಗ ಅಳೆದ್ರೆ ಅದೇ ಕೂಡಿಸಿ ಕಳೆಯುತ್ತೆ. ಆದ್ರೆ ಎರಡನ್ನೂ ಒಟ್ಟಿಗೆ ಮಾಡಬೇಡಿ. ಕೈಯಿಂದ ತಿದ್ದಿದ್ರೆ ಹಳೆ ಶಿಫ್ಟ್ ಏನಾದ್ರೂ ಉಳಿದಿದೆಯಾ ನೋಡಿ, ಇದ್ರೆ ಸೊನ್ನೆ ಮಾಡಿ.

ಆಮೇಲೆ ಮುಖ್ಯವಾದದ್ದು. ಒಂದನೇ ಕಲ್ಲಿನ ಮೇಲೆ ಹೋಗಿ ನೋಡಿ ಸರಿ ಬಂತು ಅಂತ ಕುಣಿಯಬೇಡಿ. ಅದನ್ನೇ ಇಟ್ಟುಕೊಂಡು ಸರಿ ಮಾಡಿದ್ದು, ಅಲ್ಲಿ ಸರಿ ಬರದೇ ಇನ್ನೇನು. ಎರಡನೇ ಮತ್ತು ಮೂರನೇ ಕಲ್ಲಿಗೆ ಹೋಗಿ ನೋಡಿ.

ಇವತ್ತಿನ ಬೇಸ್ ಕೆಳಗೆ ಈಗಲೇ ಒಂದು ಕಬ್ಬಿಣದ ರಾಡ್ ನೆಲಕ್ಕೆ ಸಮ ಹೊಡೆಯಿರಿ. ಲಂಬದ ದಾರ ಅಥವಾ ಟ್ರೈಪಾಡಿನ ಕನ್ನಡಿಯಲ್ಲಿ ನೋಡಿ ಸರಿಯಾಗಿ ಕೆಳಗೇ ಬರಬೇಕು. ಮುಂದಿನ ಸಲ ಅದರ ಮೇಲೇ ಬೇಸ್ ಇಟ್ಟು, ತಿದ್ದಿದ ಈ ನಂಬರನ್ನೇ ಹಾಕಿ ಸ್ಟಾರ್ಟ್ ಮಾಡಿ. ತಾನಾಗೇ ಸ್ಟಾರ್ಟ್ ಆಗೋ ಸೆಟ್ಟಿಂಗ್ ತೆಗೆದುಬಿಡಿ.

ರೋವರ್ ರಾಯಚೂರು (4:30)

ಆ 38 ಸೆಂಟಿಮೀಟರ್ ಬೇವಿನ ಮರದ್ದೇ ಕಿತಾಪತಿ. ಎಲೆ ದಟ್ಟ ಇದ್ರೆ ಸುಳ್ಳು FIX ಬರುತ್ತೆ, ನನಗೂ ಬಂದಿದೆ. ಕುಕನೂರು ಕಡೆ ಗಾಳಿ ಯಂತ್ರ ಬೇರೆ ಸುತ್ತಲೂ ಇವೆ.

ಹಳೆ ಸರಪಳಿ (4:41)

ಗಾಳಿ ಯಂತ್ರ ದೂರ ಇದ್ರೆ ಏನೂ ಮಾಡಲ್ಲ, ಕಂಬದ ಬುಡದಲ್ಲಿ ನಿಂತ್ರೆ ಮಾತು ಬೇರೆ. ಬೇವಿನ ಮರದ ಮೇಲೆ ನನಗೂ ಅನುಮಾನ ಇದೆ. ಅಲ್ಲಿ ಹೀಗೆ ಪರೀಕ್ಷೆ ಮಾಡಿ. ಕಲ್ಲಿನ ಮೇಲೆ ಅಳೆದು, ಬಯಲಿಗೆ ಬಂದು, ರಾಡಿನ ತಲೆ ಕೆಳಗೆ ಮಾಡಿ FIX ಬಿಡಿಸಿ. ಮತ್ತೆ FIX ಬಂದ ಮೇಲೆ ಅದೇ ಕಲ್ಲಿಗೆ ಹೋಗಿ ಅಳೆಯಿರಿ. ಅರ್ಧ ಗಂಟೆ ಬಿಟ್ಟು ಇನ್ನೊಂದು ಸಲ, ಅಷ್ಟರಲ್ಲಿ ಉಪಗ್ರಹಗಳ ಜಾಗ ಬದಲಾಗಿರುತ್ತೆ. ಮೂರೂ ಸಲ ಎರಡು ಸೆಂಟಿಮೀಟರ್ ಒಳಗೆ ಬಂದ್ರೆ ಇವತ್ತಿನದನ್ನು ನಂಬಬಹುದು. ಗುರುವಾರ ಅಲ್ಲಿ ಎಷ್ಟು ಸಲ ಅಳೆದಿದ್ರಿ?

ಕುಕನೂರು ಕಡೆಯವ (4:44)

ಒಂದೇ ಸಲ. 🙏

ಬಿಸಿಲು ಬಳ್ಳಾರಿ (5:10)

ನಡುವೆ ಬಾಯಿ ಹಾಕ್ತೀನಿ. ಟಿಪ್ಪಣಿಯಿಂದ ಆ ಮೂರು ಪಾಯಿಂಟ್ ಲೆಕ್ಕ ಹಾಕಿದ್ದು ಹೇಗೆ? ನಮ್ಮ ಬಳ್ಳಾರಿ ಕಡೆ 1953ರ ತನಕ ಮದ್ರಾಸ್ ಸೀಮೆ, ನಾನು ನೋಡಿದ ಹಳೆ ನಕ್ಷೆಗಳಲ್ಲಿ 66 ಅಡಿ ಸರಪಳಿ, ನೂರು ಲಿಂಕ್. ನಿಮ್ಮ ಕಡೆ ನಿಜಾಮರ ಕಾಲದ್ದು, 33 ಅಡಿ ಸರಪಳಿ, 16 ಆಣೆ ಇರಬೇಕು. ನಮ್ಮ ಹುಡುಗ ಒಬ್ಬ ಇದನ್ನು ಅದಲು ಬದಲು ಮಾಡಿ, ಹೊಲ ಕಾಲು ಭಾಗ ಆಗಿತ್ತು. ನಗು ಬಂದ್ರೂ ಅಳಬೇಕಾಗಿತ್ತು.

ಕುಕನೂರು ಕಡೆಯವ (5:16)

ಸರಪಳಿ-ಆಣೆನೇ. ಉದಾಹರಣೆಗೆ ಮೂರನೇ ಕಲ್ಲಿನಿಂದ ನಾಲ್ಕನೇ ಕಲ್ಲಿಗೆ 21 ಸರಪಳಿ 8 ಆಣೆ ಅಂತ ಇದೆ, ಮೀಟರಿನಲ್ಲಿ 216.26. ಅದನ್ನು ಹಾಗೇ ಕ್ಯಾಡ್‌ನಲ್ಲಿ ಹಾಕಿದೆ.

ಹಳೆ ಸರಪಳಿ (5:34)

ಒಳ್ಳೆ ಮಾತು ತೆಗೆದ್ರಿ ಬಳ್ಳಾರಿಯವರೇ. ಇಲ್ಲಿ ಇನ್ನೊಂದು ಸಣ್ಣ ಮುಳ್ಳಿದೆ. ಸರಪಳಿ ಎಳೆದಿದ್ದು ನೆಲದ ಮೇಲೆ. ಕಂಟ್ರೋಲರಿನಲ್ಲಿ ಇರೋದು UTM 43N ನಂಬರ್, ಅದು ಗುಂಡಗಿರೋ ಭೂಮಿಯನ್ನು ಕಾಗದದ ಮೇಲೆ ಚಪ್ಪಟೆ ಮಾಡಿದ ಲೆಕ್ಕ. ಎರಡೂ ಒಂದೇ ಅಲ್ಲ. ಕುಕನೂರು ಹತ್ತಿರ ಕಾಗದದ ದೂರ ನೆಲದ ದೂರಕ್ಕಿಂತ 100 ಮೀಟರಿಗೆ ಮೂರು ಸೆಂಟಿಮೀಟರ್ ಚಿಲ್ಲರೆ ಕಡಿಮೆ ಬರುತ್ತೆ. ನಿಮ್ಮ 216 ಮೀಟರಿಗೆ ಏಳು ಸೆಂಟಿಮೀಟರ್.

ವಿಚಿತ್ರ ಏನಂದ್ರೆ ಪೂರ್ವಕ್ಕೆ ಹೋದ ಹಾಗೆ ಇದು ಕರಗುತ್ತೆ. ಗಂಗಾವತಿಗೂ ಸಿರುಗುಪ್ಪಕ್ಕೂ ನಡುವೆ ಎಲ್ಲೋ ಸೊನ್ನೆ ಆಗುತ್ತೆ. ರಾಯಚೂರಿಗೆ ಹೋದ್ರೆ ತಿರುಗಿಬೀಳುತ್ತೆ, ಅಲ್ಲಿ ಕಾಗದದ್ದೇ 100 ಮೀಟರಿಗೆ ಮೂರು ಸೆಂಟಿಮೀಟರ್ ಜಾಸ್ತಿ. ಅದಕ್ಕೇ ರಾಯಚೂರಿನವರ ಸೆಟ್ಟಿಂಗ್ ಕಾಪಿ ಹೊಡೆದು ಕೊಪ್ಪಳದಲ್ಲಿ ಹಾಕಬಾರದು. ನೆಲದ ದೂರ ತೋರಿಸು ಅಂತ ಕಂಟ್ರೋಲರಿನಲ್ಲಿ ಆಯ್ಕೆ ಇದ್ರೆ ಅದನ್ನು ಆನ್ ಮಾಡಿ ಟೇಪ್ ಹಿಡಿದು ಒಮ್ಮೆ ಹೋಲಿಸಿ ನೋಡಿ.

ರೋವರ್ ರಾಯಚೂರು (5:41)

ಅರೆ, ಅದಕ್ಕಾ! ಪ್ಲಾಟ್ ಲೇಔಟಿನಲ್ಲಿ ಟೇಪಿಗೂ ರೋವರಿಗೂ 300 ಮೀಟರಿಗೆ ಒಂಬತ್ತು ಹತ್ತು ಸೆಂಟಿಮೀಟರ್ ಯಾವಾಗಲೂ ಬೇರೆ ಬರ್ತಿತ್ತು. ಟೇಪ್ ಎಳೆದು ಉದ್ದ ಆಗಿದೆ ಅಂತ ಮೂರು ಟೇಪ್ ಬದಲಿಸಿದ್ದೇನೆ.

ಹಳೆ ಸರಪಳಿ (5:44)

ಟೇಪಿಗೆ ಕ್ಷಮೆ ಕೇಳಿ.

ಕುಕನೂರು ಕಡೆಯವ (6:50)

ಮನೆಗೆ ಬಂದೆ. ತಿದ್ದಿದ ನಂಬರ್ ಹಾಕಿದ ಮೇಲೆ ಎರಡನೇ ಕಲ್ಲು 1.1 ಸೆಂಟಿಮೀಟರ್, ಮೂರನೇದು 1.8 ಸೆಂಟಿಮೀಟರ್ ಒಳಗೆ ಬಂತು. ಹತ್ತಿ ಸಾಲಿನಲ್ಲಿದ್ದ ಗೂಟದ ಜಾಗ ಈಗ ಬದುವಿನ ಮೇಲೇ ಬರ್ತಿದೆ. ಅದು ಮತ್ತು ಅದರ ಪಕ್ಕದ್ದು, ಎರಡು ಪಾಯಿಂಟ್ ಗುರುತು ಹಾಕಿದೆ. ಕೆಲಸ ಮುಗಿದ ಮೇಲೆ ಬೇಸ್ ಎತ್ತೋ ಮುಂಚೆ ಮತ್ತೆ ಒಂದನೇ ಕಲ್ಲು ನೋಡಿದೆ, ಸರಿ ಇತ್ತು. ರಾಡೂ ಹೊಡೆದಿದ್ದೇನೆ, ಮೇಲೆ ಮಣ್ಣು ಮುಚ್ಚಿ ಫೋಟೋ ತೆಗೆದಿದ್ದೇನೆ.

ನಾಲ್ಕನೇ ಕಲ್ಲು ನೀವು ಹೇಳಿದ ಹಾಗೆ ಮೂರು ಸಲ ಅಳೆದೆ. ಮೂರೂ ಒಂದೂವರೆ ಸೆಂಟಿಮೀಟರ್ ಒಳಗೆ ಕೂಡಿದವು. ಇವತ್ತಿನದು ಸರಿ ಅಂತಲೇ ಅನಿಸುತ್ತೆ. ಹಾಗಾದ್ರೆ ಗುರುವಾರದ್ದು ಸುಳ್ಳು FIX. ಆದ್ರೆ ಬಾಜುದವರು ಇನ್ನೊಂದು ಮಾತು ಹೇಳಿದ್ರು. ಶುಕ್ರವಾರ ಟ್ರ್ಯಾಕ್ಟರ್ ತಿರುಗಿಸುವಾಗ ಹಿಂದಿನ ಕುಂಟೆ ಆ ಕಲ್ಲಿಗೆ ತಾಗಿತಂತೆ, ಸ್ವಲ್ಪ ವಾಲಿದ್ದನ್ನು ಅವರೇ ನೆಟ್ಟಗೆ ಮಾಡಿದ್ರಂತೆ. ಕಲ್ಲಿನ ಬುಡದಲ್ಲಿ ಮಣ್ಣು ಹೊಸದಾಗಿದೆ, ನಾನು ನೋಡಿದೆ. ಈಗ ಕಲ್ಲು ಸರಿದಿದ್ದಾ, ನನ್ನ ಅಳತೆ ಸರಿದಿದ್ದಾ? ಮೂರನೇ ಪಾಯಿಂಟ್ ಆ ಕಲ್ಲಿನ ಮೇಲೇ ನಿಂತಿದೆ, ಅದಕ್ಕೆ ಗೂಟ ಹೊಡೆದಿಲ್ಲ.

ಬಿಸಿಲು ಬಳ್ಳಾರಿ (7:02)

ಮೂರನೇ ಕಲ್ಲಿನಿಂದ 21 ಸರಪಳಿ 8 ಆಣೆ ಇದೆಯಲ್ಲ, ಅಳೆದು ನೋಡಿ. ಯಾವುದು ಕೂಡುತ್ತೋ ಅದೇ ಸರಿ. ಸುಲಭ.

ಹಳೆ ಸರಪಳಿ (7:20)

ಅಷ್ಟು ಸುಲಭ ಆಗಿದ್ರೆ ಚೆನ್ನಾಗಿತ್ತು. ಒಂದು ಆಣೆ ಅಂದ್ರೆ 33 ಅಡಿಯಲ್ಲಿ ಹದಿನಾರನೇ ಒಂದು ಪಾಲು, ಹತ್ತಿರ ಹತ್ತಿರ 63 ಸೆಂಟಿಮೀಟರ್. ತಮ್ಮಾ, ನಿಮ್ಮ ಟಿಪ್ಪಣಿಯಲ್ಲಿ ಎಲ್ಲಾದ್ರೂ ಅರ್ಧ ಆಣೆ, ಕಾಲು ಆಣೆ ಬರೆದಿದ್ದಾರಾ?

ಕುಕನೂರು ಕಡೆಯವ (7:31)

ಇಲ್ಲ ಸರ್. ಎಲ್ಲಾ ಪೂರ್ತಿ ಆಣೆ. ಮೂರನೇ ಕಲ್ಲಿನಿಂದ ಗುರುವಾರದ ನಂಬರಿಗೆ ನೆಲದ ಲೆಕ್ಕದಲ್ಲಿ 216.41 ಬರುತ್ತೆ, ಇವತ್ತಿನದಕ್ಕೆ 216.08.

ಹಳೆ ಸರಪಳಿ (7:45)

ನೋಡಿದ್ರಾ, 216.26ಕ್ಕೆ ಒಂದು 15 ಸೆಂಟಿಮೀಟರ್ ಜಾಸ್ತಿ, ಒಂದು 18 ಕಡಿಮೆ. ಬರೆದವರು ಪೂರ್ತಿ ಆಣೆಗೆ ಹೊಂದಿಸಿದ್ರೆ ಎರಡಕ್ಕೂ 21 ಸರಪಳಿ 8 ಆಣೆ ಅಂತಲೇ ಬರೀತಿದ್ರು. ಟಿಪ್ಪಣಿ ಇಬ್ಬರಿಗೂ ಸಾಕ್ಷಿ ಹೇಳುತ್ತೆ. ನಿಮ್ಮ ರೋವರ್ ಒಂದು ಸೆಂಟಿಮೀಟರ್ ನೋಡುತ್ತೆ, ಆದ್ರೆ ಹಿಂದಿನ ಕಾಗದ ಅಷ್ಟು ನೋಡಿಲ್ಲ.

ಆ ಮೂರನೇ ಪಾಯಿಂಟಿಗೆ ಕೈ ಹಾಕಬೇಡಿ. ಕಲ್ಲು ಅಲ್ಲಾಡಿದೆ ಅಂತ ಬಾಜುದವರೇ ಒಪ್ಪಿದ್ದಾರೆ, ಅವರ ಮನಸ್ಸು ಚೆನ್ನಾಗಿರುವಾಗಲೇ ಎರಡೂ ಕಡೆಯವರು ಸೇರಿ ಹದ್ದುಬಸ್ತಿಗೆ ಅರ್ಜಿ ಹಾಕಿ. ಸರ್ವೆಯರ್ ನೋಟಿಸ್ ಕೊಟ್ಟು ಬಂದು, ಎಲ್ಲರ ಮುಂದೆ ಅಳೆದು ಕಲ್ಲು ನೆಟ್ಟರೆ ಅದು ನಿಲ್ಲುತ್ತೆ. ನೀವು ನಾನು ಹೊಡೆದ ಗೂಟಕ್ಕೆ ಆ ಬಲ ಇಲ್ಲ. ಅವರು ಬಂದ ದಿನ ನಿಮ್ಮ ಎರಡೂ ದಿನದ ಫೈಲ್ ತೋರಿಸಿ, ನೋಡೋದು ಬಿಡೋದು ಅವರಿಗೆ ಬಿಟ್ಟಿದ್ದು.

ರೋವರ್ ರಾಯಚೂರು (7:52)

ಸರ್, ನನಗೆ ಮಾತ್ರ ಇನ್ನೂ ಅದು ಬೇವಿನ ಮರದ್ದೇ ಅನಿಸುತ್ತೆ. ಕುಂಟೆ ತಾಗಿ ಕಲ್ಲು ವಾಲಬಹುದು, ಬುಡ ಸಮೇತ 38 ಸೆಂಟಿಮೀಟರ್ ಹೋಗುತ್ತಾ?

ಕುಕನೂರು ಕಡೆಯವ (8:05)

ಕಲ್ಲು ಮೊಣಕಾಲಿನಷ್ಟೇ ಇದೆ ಅಣ್ಣಾ, ನೆಲದೊಳಗೆ ಒಂದು ಗೇಣೂ ಇಲ್ಲ. ಹೋಗಿದ್ರೂ ಹೋಗಿರಬಹುದು. ಸೋಮವಾರ ಬೇಲಿ ಹಾಕೋರಿಗೆ ಎರಡು ಬದಿ ಅಷ್ಟೇ ಹಾಕಿ ಅಂತ ಹೇಳಿದ್ದೇನೆ. ಬಾಜುದವರ ಜೊತೆ ನಾಡಕಚೇರಿಗೆ ಹೋಗ್ತಿದ್ದೇವೆ, ನನ್ನ ಗಾಡಿಯಲ್ಲೇ.

ಎಡದಂಡೆ (8:40)

ಹೋದಾಗ ಪೋಡಿಗೆ ಏನೇನು ಕಾಗದ ಬೇಕು ಅಂತ ನನಗೂ ಕೇಳ್ಕೊಂಡು ಬನ್ನಿ ಅಣ್ಣಾ.